ಶಂಖಪಾಲ ಮತ್ತು ಅಮ್ಮನ ಬಳೆ

ಅಮ್ಮನ ಬಲಗೈಯಲ್ಲಿ ಈಗ ಒಂದೇ ಬಳೆ. ಇನ್ನೊಂದು ಎರಡು ವರ್ಷದ ಹಿಂದೆ ಅಡವಿಗೆ ಹೋಯಿತು, ಬಿಡಿಸಿಕೊಳ್ಳಲು ಆಗಲಿಲ್ಲ. ಅದನ್ನು ಅಡವಿಟ್ಟದ್ದು ನನ್ನ ಜಾತಕದ ಶಾಂತಿಗಾಗಿ. ನೋಡಲು ಬಂದಿದ್ದ ಗಂಡಿನ ಕಡೆಯವರು ಊರಿಗೆ ಮರಳಿ ಮೂರನೇ ದಿನ ಫೋನ್ ಮಾಡಿ, "ಹುಡುಗಿಗೆ ಶಂಖಪಾಲ ಕಾಲಸರ್ಪ ದೋಷ ಇದೆಯಂತೆ, ನಮ್ಮ ಕಡೆ ಹಿರಿಯರು ಒಪ್ಪುತ್ತಿಲ್ಲ" ಎಂದರು. ಸಂಬಂಧ ಮುರಿದದ್ದಕ್ಕೆ ನನಗೇನೂ ಬೇಸರವಾಗಲಿಲ್ಲ. ಪ್ರಬಂಧದ ಮೂರನೇ ಅಧ್ಯಾಯ ಮುಗಿಯದೆ ಕೂತಿತ್ತು, ನನಗೆ ಮದುವೆಯ ಅವಸರವೂ ಇರಲಿಲ್ಲ. ಆದರೆ ಅಮ್ಮನ ಮುಖ ಮಾತ್ರ ಇವತ್ತಿಗೂ ಕಣ್ಣಮುಂದಿದೆ. ಶಂಖಪಾಲ ಎಂದರೆ ರಾಹು ನಾಲ್ಕನೇ ಮನೆಯಲ್ಲಿ. ನಾಲ್ಕನೆಯದು ತಾಯಿಯ ಸ್ಥಾನ. "ನನ್ನಿಂದಲೇ ಮಗಳಿಗೆ ಹೀಗಾಯ್ತಾ?" ಎಂದು ಆಕೆ ಕೇಳಿದ್ದಳು.

ಈ ಬರಹ ಜ್ಯೋತಿಷ ಸುಳ್ಳೋ ನಿಜವೋ ಎಂಬುದರ ಬಗ್ಗೆ ಅಲ್ಲ. ಆ ಜಗಳ ಹಳೆಯದು, ಯಾರೂ ಸೋಲುವುದಿಲ್ಲ. ನನ್ನ ಜಗಳ ಅದಕ್ಕಿಂತ ಸಣ್ಣದು, ಆದ್ದರಿಂದಲೇ ತಪ್ಪಿಸಿಕೊಳ್ಳಲು ಕಷ್ಟವಾದದ್ದು. ಜ್ಯೋತಿಷವನ್ನು ಪೂರ್ತಿ ಒಪ್ಪಿಕೊಂಡೇ ಕೂತರೂ ಕಾಲಸರ್ಪದ ಹೆಸರಿನಲ್ಲಿ ಈಗ ಮಾರಾಟವಾಗುತ್ತಿರುವ ಭಯ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಜ್ಯೋತಿಷಿಗಳ ಸ್ವಂತ ಲೆಕ್ಕ, ಸ್ವಂತ ಗ್ರಂಥಗಳನ್ನು ಇಟ್ಟುಕೊಂಡೇ ಇದನ್ನು ಹೇಳಬಹುದು. ಹಾಗೆ ಹೇಳಿದ ಜ್ಯೋತಿಷಿಗಳೂ ಇದ್ದಾರೆ.

ಮೊದಲು ಲಕ್ಷಣ. ರಾಹು ಕೇತುಗಳು ಆಕಾಶದಲ್ಲಿ ಕಾಣುವ ಗ್ರಹಗಳಲ್ಲ. ಸೂರ್ಯ ನಡೆಯುವಂತೆ ತೋರುವ ದಾರಿಯನ್ನು ಚಂದ್ರನ ದಾರಿ ಎರಡು ಕಡೆ ಕತ್ತರಿಸುತ್ತದೆ. ಆ ಎರಡು ಬಿಂದುಗಳಿಗೆ ಇಟ್ಟ ಹೆಸರು ರಾಹು ಮತ್ತು ಕೇತು. ಆದ್ದರಿಂದ ಅವೆರಡೂ ಯಾವಾಗಲೂ ಎದುರುಬದುರು, ಸರಿಯಾಗಿ 180 ಡಿಗ್ರಿ ಅಂತರದಲ್ಲಿರುತ್ತವೆ. ಅವುಗಳ ನಡುವೆ ಗೆರೆ ಎಳೆದರೆ ರಾಶಿಚಕ್ರ ಎರಡು ಹೋಳಾಗುತ್ತದೆ. ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ ಈ ಏಳೂ ಒಂದೇ ಹೋಳಿನಲ್ಲಿ ಸಿಕ್ಕಿಕೊಂಡಿದ್ದರೆ ಅದು ಕಾಲಸರ್ಪ ಯೋಗ. ಆರು ಗ್ರಹ ಒಳಗಿದ್ದು ಒಂದು ಹೊರಗಿದ್ದರೆ ಯೋಗವಿಲ್ಲ. ಲಕ್ಷಣ ಇಷ್ಟೇ.

ಇದನ್ನು ನೋಡುವುದಕ್ಕೆ ಜಾತಕದ ಚೌಕಾಕಾರದ ಕುಂಡಲಿ ಸಾಲದು. ಕುಂಡಲಿ ಗ್ರಹ ಯಾವ ರಾಶಿಯಲ್ಲಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಒಂದು ರಾಶಿ ಎಂದರೆ ಮೂವತ್ತು ಡಿಗ್ರಿ. ಕೇತು ಇರುವ ಮನೆಯಲ್ಲೇ ಗುರುವೂ ಇದ್ದರೆ ಅವನು ಗೆರೆಯ ಒಳಗಿದ್ದಾನೋ ಆಚೆಗೆ ದಾಟಿದ್ದಾನೋ ಎಂಬುದು ಕುಂಡಲಿಯಲ್ಲಿ ಕಾಣಿಸುವುದಿಲ್ಲ. ಅದಕ್ಕೆ ಗ್ರಹಸ್ಫುಟ ಬೇಕು, ಎಂದರೆ ಪ್ರತಿ ಗ್ರಹದ ಡಿಗ್ರಿ. ಹಳೆಯ ಕ್ರಮದಲ್ಲಿ ಬರೆದ ಜಾತಕಗಳಲ್ಲಿ ಇದಕ್ಕೊಂದು ಪುಟ ಇರುತ್ತದೆ. ನಮ್ಮಲ್ಲಿ ಎಷ್ಟು ಜನ ಆ ಪುಟ ತಿರುವಿ ನೋಡುತ್ತಾರೆ?

ಈ ಪುಟ ನೋಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮೆಲ್ಲರಿಗೂ ಗೊತ್ತಿರುವ ಒಬ್ಬರ ಜಾತಕವಿದೆ. 1889ರ ನವೆಂಬರ್ 14ರ ರಾತ್ರಿ ಅಲಹಾಬಾದಿನಲ್ಲಿ ಹುಟ್ಟಿದ ಜವಾಹರಲಾಲ್ ನೆಹರೂ ಅವರದು. ಕಾಲಸರ್ಪವಿದ್ದ ಪ್ರಸಿದ್ಧರ ಪಟ್ಟಿ ಹೇಳುವವರು ತಪ್ಪದೆ ಎತ್ತುವ ಹೆಸರು ಇದು. ಕುಂಡಲಿ ನೋಡಿದರೆ ನಿಜವೆನಿಸುತ್ತದೆ. ಕರ್ಕಾಟಕ ಲಗ್ನ, ಹನ್ನೆರಡನೇ ಮನೆಯಾದ ಮಿಥುನದಲ್ಲಿ ರಾಹು, ಎದುರಿನ ಧನುವಿನಲ್ಲಿ ಕೇತು. ಚಂದ್ರ ಕರ್ಕಾಟಕ, ಶನಿ ಸಿಂಹ, ಕುಜ ಕನ್ಯಾ, ಬುಧ ಶುಕ್ರರು ತುಲಾ, ರವಿ ವೃಶ್ಚಿಕ. ಕೊನೆಗೆ ಗುರು, ಕೇತುವಿನ ಜೊತೆ ಧನುವಿನಲ್ಲಿ. ಸಾಲಾಗಿ ಮಣಿ ಪೋಣಿಸಿದ ಹಾಗೆ.

ಈಗ ಡಿಗ್ರಿ ಹಾಕಿ ನೋಡಿ. ಕೇತು ಧನುವಿನ ಸುಮಾರು 13ನೇ ಡಿಗ್ರಿಯಲ್ಲಿದ್ದಾನೆ, ಗುರು ಸುಮಾರು 15ರಲ್ಲಿ. ಎಂದರೆ ಗುರು ಗೆರೆ ದಾಟಿ ಆಚೆ ನಿಂತಿದ್ದಾನೆ. ಏಳರಲ್ಲಿ ಒಂದು ಹೊರಗೆ. ಲಕ್ಷಣದ ಪ್ರಕಾರ ನೆಹರೂ ಅವರಿಗೆ ಕಾಲಸರ್ಪವಿಲ್ಲ. "ಅಯನಾಂಶ ಬೇರೆ ಹಿಡಿದರೆ?" ಎಂದು ಯಾರಾದರೂ ಕೇಳಬಹುದು. ಯಾವ ಅಯನಾಂಶ ಹಿಡಿದರೂ ಎಲ್ಲ ಗ್ರಹಗಳೂ ರಾಹು ಕೇತುಗಳೂ ಒಟ್ಟಿಗೇ ಅಷ್ಟಷ್ಟೇ ಸರಿಯುತ್ತವೆ. ಗುರು ಕೇತುಗಳ ನಡುವಿನ ಅಂತರ ಬದಲಾಗುವುದಿಲ್ಲ. ಜ್ಯೋತಿಷಿಗಳ ನಡುವೆ ಎಷ್ಟೋ ವಿಷಯಕ್ಕೆ ಅಯನಾಂಶದ ಜಗಳವಿದೆ, ಇದಕ್ಕೆ ಮಾತ್ರ ಇಲ್ಲ. ಇಷ್ಟು ಸುಲಭವಾಗಿ ಪರೀಕ್ಷಿಸಬಹುದಾದ ಜಾತಕವನ್ನೇ ಪರೀಕ್ಷಿಸದೆ ಉದಾಹರಣೆಯಾಗಿ ಕೈಯಿಂದ ಕೈಗೆ ದಾಟಿಸುತ್ತ ಬಂದಿದ್ದಾರೆ ಎಂದರೆ, ನಿಮ್ಮ ಮನೆಯ ಹುಡುಗಿಯ ಜಾತಕವನ್ನು ಎಷ್ಟು ಎಚ್ಚರದಿಂದ ನೋಡಿರಬಹುದು ಎಂದು ನೀವೇ ಊಹಿಸಿ.

ನನ್ನ ಜಾತಕದಲ್ಲೂ ಹೀಗೇ ಏನೋ ತಪ್ಪಿರಬೇಕು ಎಂಬ ಆಸೆಯಿಂದಲೇ ನಾನು ಹಳೆಯ ಕಾಗದ ಬಿಚ್ಚಿದೆ. ನಾನು ಹುಟ್ಟಿದ್ದು 1996ರ ಫೆಬ್ರವರಿ 15, ಮಧ್ಯಾಹ್ನ ಮೂರು ಗಂಟೆಗೆ. ಮಿಥುನ ಲಗ್ನ. ರಾಹು ಕನ್ಯಾ ರಾಶಿಯ ಸುಮಾರು 26ನೇ ಡಿಗ್ರಿ, ಕೇತು ಮೀನದ ಸುಮಾರು 26. ಗುರು ಚಂದ್ರರು ಧನುವಿನಲ್ಲಿ, ಬುಧ ಮಕರದಲ್ಲಿ, ರವಿ ಕುಜರು ಕುಂಭದಲ್ಲಿ, ಶನಿ ಕುಂಭ ಮೀನಗಳ ಗಡಿಯಲ್ಲಿ. ಕೇತುವಿಗೆ ಎಲ್ಲರಿಗಿಂತ ಹತ್ತಿರವಿದ್ದವನು ಶುಕ್ರ, ಅವನೂ ಮೀನದ ಸುಮಾರು 13ರಲ್ಲೇ ಇದ್ದ. ಗೆರೆ ದಾಟಲು ಇನ್ನೂ ಹದಿಮೂರು ಡಿಗ್ರಿ ಬಾಕಿ. ಎಷ್ಟು ಕಟ್ಟುನಿಟ್ಟಾಗಿ ಅಳೆದರೂ ನನ್ನದು ಪೂರ್ಣ ಕಾಲಸರ್ಪ. ಗಂಡಿನ ಕಡೆಯ ಜ್ಯೋತಿಷಿ ಸುಳ್ಳು ಹೇಳಿರಲಿಲ್ಲ.

ಆದ್ದರಿಂದ ಈ ವಾದವನ್ನು ನಾನು ದೋಷದಿಂದ ಪಾರಾದವಳಾಗಿ ಮಾಡುತ್ತಿಲ್ಲ. ನನ್ನ ಜಾತಕ ಪರೀಕ್ಷೆಯಲ್ಲಿ ಪಾಸಾಗಿದೆ. ಪ್ರಶ್ನೆ ಇರುವುದು ಆಮೇಲೆ. ಪಾಸಾದರೆ ಏನಾಯಿತು?

ಲೆಕ್ಕವನ್ನು ಸ್ವಲ್ಪ ಮುಂದುವರಿಸೋಣ. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ, ಶನಿ ಸುಮಾರು ಎರಡೂವರೆ ವರ್ಷ ಇರುತ್ತಾರೆ. ರಾಹು ಕೇತುಗಳು ಹಿಂದುಹಿಂದಕ್ಕೆ ನಡೆದು ಚಕ್ರ ಮುಗಿಸುವುದಕ್ಕೆ ಹದಿನೆಂಟೂವರೆ ವರ್ಷಕ್ಕೂ ತುಸು ಹೆಚ್ಚು ಬೇಕು. ಈ ನಿಧಾನದವರು ಒಂದೇ ಹೋಳಿಗೆ ಬಂದು ಕೂತರೆ, ರವಿಯೂ ಅವನ ಬಾಲದಂತೆ ಓಡಾಡುವ ಬುಧ ಶುಕ್ರರೂ ಕುಜನೂ ಅದೇ ಹೋಳಿಗೆ ಬಂದ ತಿಂಗಳುಗಳಲ್ಲಿ ಉಳಿಯುವವನು ಚಂದ್ರ ಒಬ್ಬನೇ. ಚಂದ್ರ ಒಂದು ಹೋಳಿನಲ್ಲಿ ಸುಮಾರು ಹದಿಮೂರೂವರೆ ದಿನ ಇರುತ್ತಾನೆ, ಇನ್ನೊಂದರಲ್ಲೂ ಅಷ್ಟೇ. 1995ರ ನವೆಂಬರಿನಿಂದ 1996ರ ಫೆಬ್ರವರಿ ಕೊನೆಯ ಹೊತ್ತಿನ ತನಕ ಆಕಾಶ ಹೀಗಿತ್ತು. ಆ ನಾಲ್ಕು ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದಿನ ಹುಟ್ಟಿದ ಎಲ್ಲ ಮಕ್ಕಳಿಗೂ ಕಾಲಸರ್ಪ. ಶಿವಮೊಗ್ಗದಲ್ಲಿ ಹುಟ್ಟಿದರೂ ಅದೇ, ಸ್ಯಾಂಟಿಯಾಗೋದಲ್ಲಿ ಹುಟ್ಟಿದರೂ ಅದೇ. ಫೆಬ್ರವರಿ ಕೊನೆಯ ವಾರದಲ್ಲಿ ಶುಕ್ರ ಕೇತುವನ್ನು ದಾಟಿದ, ಯೋಗ ಮುಗಿಯಿತು.

ನನ್ನ ಹೈಸ್ಕೂಲಿನ ಬೆಂಚಿನಲ್ಲಿ ನನ್ನ ಜೊತೆ ಕೂತವರಲ್ಲಿ ಎಷ್ಟು ಜನ ಈ ಸರ್ಪದ ಹೊಟ್ಟೆಯಲ್ಲಿದ್ದರು! ಅವರಲ್ಲಿ ಒಬ್ಬಳು ಬ್ಯಾಂಕಿನಲ್ಲಿದ್ದಾಳೆ, ಎರಡು ಮಕ್ಕಳು. ಒಬ್ಬ ಅಡಿಕೆ ಮಂಡಿ ನೋಡಿಕೊಳ್ಳುತ್ತಾನೆ. ಒಬ್ಬ ಕುಡಿತಕ್ಕೆ ಬಿದ್ದ. ಯಾವ ತರಗತಿಯನ್ನು ತೆಗೆದುಕೊಂಡರೂ ಇಷ್ಟೇ ಸಿಗುತ್ತದೆ.

ಈಗ ಇದಕ್ಕೆ ತದ್ವಿರುದ್ಧವಾದ ವರ್ಷ ನೋಡಿ. 1993ರಲ್ಲಿ ಜನವರಿಯಿಂದ ಡಿಸೆಂಬರ್ ತನಕ ಶನಿ ಗೆರೆಯ ಒಂದು ಕಡೆ, ಗುರು ಇನ್ನೊಂದು ಕಡೆ. ಹಾಗಿದ್ದ ಮೇಲೆ ಏಳೂ ಗ್ರಹ ಒಂದೇ ಕಡೆ ಬರುವ ಮಾತೇ ಇಲ್ಲ. ಆ ಇಡೀ ವರ್ಷ ಭೂಮಿಯ ಮೇಲೆ ಹುಟ್ಟಿದ ಒಂದೇ ಒಂದು ಮಗುವಿಗೂ ಕಾಲಸರ್ಪವಿಲ್ಲ. 1993ರಲ್ಲಿ ಹುಟ್ಟಿದ ನಿಮ್ಮ ಅಣ್ಣನಿಗೋ ಅಕ್ಕನಿಗೋ ಯಾರಾದರೂ ಕಾಲಸರ್ಪ ಶಾಂತಿ ಮಾಡಿಸಿದ್ದರೆ, ಅವರು ಡಿಗ್ರಿಯನ್ನಿರಲಿ, ಕುಂಡಲಿಯನ್ನೂ ನೆಟ್ಟಗೆ ನೋಡಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಇನ್ನು ಭಯವನ್ನು ನಂಬುವವರು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಮದುವೆ ತಡವಾಗುವುದು, ಕೆಲಸ ಸಿಗದಿರುವುದು, ಗರ್ಭ ನಿಲ್ಲದಿರುವುದು ಇವೆಲ್ಲ ಕಾಲಸರ್ಪದ ಫಲವಾದರೆ, 1993ರವರ ಬ್ಯಾಚು ಸುಖವಾಗಿರಬೇಕಿತ್ತಲ್ಲ? ಅವರನ್ನು ಕೇಳಿ ನೋಡಿ.

ಹಾಗಾದರೆ ಒಟ್ಟಾರೆ ಎಷ್ಟು ಜನರಿಗೆ ಇದು ಇರಬಹುದು? ಒಂದು ಒರಟು ಲೆಕ್ಕ ಹಾಕಬಹುದು. ಏಳು ಗ್ರಹಗಳನ್ನು ಏಳು ನಾಣ್ಯ ಎಂದುಕೊಳ್ಳಿ. ಪ್ರತಿಯೊಂದೂ ಈ ಹೋಳಿಗಾದರೂ ಬೀಳಬಹುದು, ಆ ಹೋಳಿಗಾದರೂ ಬೀಳಬಹುದು. ಒಟ್ಟು ಸಾಧ್ಯತೆ 128. ಎಲ್ಲವೂ ಒಂದೇ ಕಡೆ ಬೀಳುವ ಸಾಧ್ಯತೆ ಎರಡು. ಎಂದರೆ 64ಕ್ಕೆ ಒಬ್ಬರು. ನಿಜದಲ್ಲಿ ಬುಧ ಶುಕ್ರರು ರವಿಯನ್ನು ಬಿಟ್ಟು ದೂರ ಹೋಗುವುದೇ ಇಲ್ಲವಾದ್ದರಿಂದ ಮೂವರೂ ಒಂದೇ ಕಡೆ ಇರುವುದು ಹೆಚ್ಚು, ಹಾಗಾಗಿ ಯೋಗ ಇದಕ್ಕಿಂತ ಸಾಮಾನ್ಯವೇ ಹೊರತು ಅಪರೂಪವಲ್ಲ. 64ಕ್ಕೆ ಒಬ್ಬರೆಂದೇ ಹಿಡಿದರೂ 140 ಕೋಟಿಯ ದೇಶದಲ್ಲಿ ಎರಡು ಕೋಟಿಗೂ ಹೆಚ್ಚು ಜನ. ಇದು ಶಾಪವೇ ಆಗಿದ್ದರೆ ಎದ್ದು ಕಾಣದೆ ಇರುತ್ತಿರಲಿಲ್ಲ.

ಇಷ್ಟು ಗಿರಾಕಿ ಸಾಲದು ಎನ್ನಿಸಿತೋ ಏನೋ, ಲಕ್ಷಣವನ್ನೇ ಹಿಗ್ಗಿಸುವ ಕೆಲಸವೂ ನಡೆದಿದೆ. ಒಂದು ಗ್ರಹ ಹೊರಗಿದ್ದರೂ ಅದನ್ನು "ಭಾಗಶಃ ಕಾಲಸರ್ಪ" ಎನ್ನುವವರಿದ್ದಾರೆ. ಕೇಳುವುದಕ್ಕೆ ಸಣ್ಣ ರಿಯಾಯಿತಿಯಂತೆ ಕಾಣುತ್ತದೆ. ಅದೇ ನಾಣ್ಯದ ಲೆಕ್ಕದಲ್ಲಿ ನೋಡಿ: ಒಂದೊಂದು ಹೋಳಿಗೂ ಹೊರಗುಳಿಯುವ ಗ್ರಹವನ್ನು ಏಳು ಬಗೆಯಲ್ಲಿ ಆರಿಸಬಹುದು. ಹದಿನಾಲ್ಕು ಹೊಸ ಸಾಧ್ಯತೆ ಸೇರಿ ಎರಡು ಇದ್ದದ್ದು ಹದಿನಾರಾಗುತ್ತದೆ. 64ಕ್ಕೆ ಒಬ್ಬರಿದ್ದವರು 8ಕ್ಕೆ ಒಬ್ಬರಾದರು. ಒಂದು ವಿಶೇಷಣ ಸೇರಿಸಿದ್ದಕ್ಕೆ ಅಂಗಡಿಯ ವ್ಯಾಪಾರ ಎಂಟು ಪಟ್ಟು. ಆಮೇಲೆ ಡಿಗ್ರಿ ಬಿಟ್ಟು ರಾಶಿ ಮಾತ್ರ ನೋಡಿದರೆ ಇನ್ನಷ್ಟು ಜನ. ಇದಕ್ಕೆ ಎದುರಾಗಿ, ಗ್ರಹಗಳು ರಾಹುವಿನಿಂದ ಕೇತುವಿನ ಕಡೆಗೆ ರಾಶಿಕ್ರಮದಲ್ಲಿ ಇದ್ದರೆ ಮಾತ್ರ ಕಾಲಸರ್ಪ, ಇನ್ನೊಂದು ಹೋಳಿನಲ್ಲಿದ್ದರೆ ಅದು "ಕಾಲಾಮೃತ", ಅಂಜಬೇಕಿಲ್ಲ ಎನ್ನುವ ಪಂಥವೂ ಇದೆ. ಅದನ್ನು ಒಪ್ಪಿದರೆ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಯಾವ ಹೋಳು ವಿಷ, ಯಾವುದು ಅಮೃತ ಎಂಬುದರಲ್ಲೂ ಅವರವರಲ್ಲಿ ಒಮ್ಮತವಿಲ್ಲ. ಒಂದು ರೋಗಕ್ಕೆ ಲಕ್ಷಣವೇ ತೀರ್ಮಾನವಾಗದೆ ಔಷಧದ ಬೆಲೆ ಮಾತ್ರ ತೀರ್ಮಾನವಾದ ಹಾಗೆ ಇದು.

ಹನ್ನೆರಡು ಹೆಸರುಗಳ ಕಥೆಯೂ ಇಷ್ಟೇ. ಅನಂತ, ಕುಲಿಕ, ವಾಸುಕಿ, ಶಂಖಪಾಲ, ಪದ್ಮ, ಮಹಾಪದ್ಮ, ತಕ್ಷಕ, ಕರ್ಕೋಟಕ, ಶಂಖಚೂಡ, ಘಾತಕ, ವಿಷಧರ, ಶೇಷನಾಗ. ಒಂದೊಂದು ಹೆಸರಿಗೆ ಒಂದೊಂದು ಭಯ. ಈ ಹೆಸರು ನಿರ್ಧಾರವಾಗುವುದು ಲಗ್ನದಿಂದ ರಾಹು ಎಷ್ಟನೇ ಮನೆ ಎಂಬ ಒಂದೇ ವಿಷಯದಿಂದ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ನಾನು ಮೂರು ಗಂಟೆಗೆ ಹುಟ್ಟಿ ಶಂಖಪಾಲಳಾದೆ. ಅದೇ ವಾರ್ಡಿನಲ್ಲಿ ಐದು ಗಂಟೆಗೆ ಹುಟ್ಟಿದ ಮಗು ವಾಸುಕಿ, ಏಳಕ್ಕೆ ಹುಟ್ಟಿದ್ದು ಕುಲಿಕ. ಗ್ರಹಗಳು ಅಲ್ಲಲ್ಲೇ ಇದ್ದವು. ನನ್ನ ಅಮ್ಮನ ಮೇಲೆ ಬಿದ್ದ ಆಪಾದನೆ ಎರಡು ಗಂಟೆ ತಡವಾಗಿದ್ದರೆ ನನ್ನ ಒಡಹುಟ್ಟಿದವರ ಮೇಲೆ ಬೀಳುತ್ತಿತ್ತು, ಮೂರನೆಯದು ಸಹೋದರ ಸ್ಥಾನವಾದ್ದರಿಂದ.

ಇನ್ನು ಗ್ರಂಥಗಳ ಮಾತು. ಶಾಂತಿ ಮಾಡಿಸಿದ ಜಾಗದಲ್ಲಿ ನಾನು "ಇದು ಯಾವ ಗ್ರಂಥದಲ್ಲಿದೆ?" ಎಂದು ಕೇಳಿದ್ದೆ. "ಎಲ್ಲ ಶಾಸ್ತ್ರದಲ್ಲೂ ಇದೆಯಮ್ಮ" ಎಂದಿದ್ದರು. ಇಲ್ಲ. ವರಾಹಮಿಹಿರನ ಬೃಹಜ್ಜಾತಕದಲ್ಲಿ ಇಲ್ಲ. ಕಲ್ಯಾಣವರ್ಮನ ಸಾರಾವಳಿಯಲ್ಲಿ ಇಲ್ಲ. ಮಂತ್ರೇಶ್ವರನ ಫಲದೀಪಿಕೆಯಲ್ಲಿ ಇಲ್ಲ. ಜ್ಯೋತಿಷಿಗಳು ಎಲ್ಲಕ್ಕಿಂತ ಹೆಚ್ಚು ಪ್ರಮಾಣವೆನ್ನುವ ಬೃಹತ್ಪರಾಶರ ಹೋರೆಯಲ್ಲೂ ಇಲ್ಲ. ನೂರಾರು ಯೋಗಗಳನ್ನು ಒಂದೂ ಬಿಡದಂತೆ ವಿಂಗಡಿಸಿ, ಹೆಸರಿಟ್ಟು, ಫಲ ಹೇಳಿದ ಈ ಪಂಡಿತರು, ಇಷ್ಟು ಭಯಂಕರವಾದ, ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವ ಯೋಗವೊಂದನ್ನು ಮರೆತರೇ?

ಗೊಂದಲಕ್ಕೆ ಕಾರಣವಾಗುವ ಎರಡು ಸಂಗತಿ ಮಾತ್ರ ಆ ಗ್ರಂಥಗಳಲ್ಲಿವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಒಂದು, ಬೃಹಜ್ಜಾತಕದ ನಾಭಸ ಯೋಗಗಳಲ್ಲಿ "ಸರ್ಪ" ಎಂಬ ಹೆಸರಿನದೇ ಒಂದು ಯೋಗವಿದೆ. ಆದರೆ ಅದರ ಲಕ್ಷಣ ಪಾಪಗ್ರಹಗಳು ಕೇಂದ್ರಗಳಲ್ಲಿರುವುದು. ಶುಭಗ್ರಹಗಳು ಕೇಂದ್ರಗಳಲ್ಲಿದ್ದರೆ ಅದರ ಜೋಡಿಯಾದ ಮಾಲಾಯೋಗ. ಅಲ್ಲಿ ರಾಹು ಕೇತುಗಳ ನಡುವೆ ಸಿಕ್ಕಿಕೊಳ್ಳುವ ಮಾತೇ ಇಲ್ಲ. ಎರಡು, ಪರಾಶರ ಹೋರೆಯಲ್ಲಿ ಸಂತಾನವಿಲ್ಲದಿರುವುದಕ್ಕೆ ಹಿಂದಿನ ಜನ್ಮದ ಶಾಪಗಳನ್ನು ಹೇಳುವ ಅಧ್ಯಾಯವಿದೆ, ಅದರಲ್ಲಿ ಸರ್ಪಶಾಪವೂ ಒಂದು. ಅದು ಪಂಚಮ ಸ್ಥಾನ, ಅದರ ಅಧಿಪತಿ, ಅಲ್ಲಿ ರಾಹು ಕುಜರ ಸಂಬಂಧ ಇವನ್ನು ನೋಡಿ ಹೇಳುವಂಥದ್ದು. ಮಕ್ಕಳ ವಿಷಯ ಬಿಟ್ಟು ಬೇರೆಯದಕ್ಕೆ ಅದು ಕೈಹಾಕುವುದಿಲ್ಲ, ಏಳು ಗ್ರಹಗಳು ಒಂದು ಹೋಳಿನಲ್ಲಿರಬೇಕು ಎಂದೂ ಹೇಳುವುದಿಲ್ಲ. ಎರಡೂ ಕಡೆ "ಸರ್ಪ" ಎಂಬ ಪದವಿದೆ ಎಂಬ ಒಂದೇ ಕಾರಣಕ್ಕೆ ಹಳೆಯದರ ಅಧಿಕಾರವನ್ನು ಹೊಸದಕ್ಕೆ ತೊಡಿಸಲಾಗಿದೆ. ಪಠ್ಯ ಸಂಪಾದನೆಯ ತರಗತಿಯಲ್ಲಿ ನಾವು ಕಲಿಯುವ ಮೊದಲ ಪಾಠಗಳಲ್ಲೊಂದು ಇದು: ಹೆಸರು ಒಂದೇ ಆದ ಮಾತ್ರಕ್ಕೆ ವಸ್ತು ಒಂದೇ ಅಲ್ಲ.

ನಾಗಾರಾಧನೆಯನ್ನೂ ಇದಕ್ಕೆ ಎಳೆದು ತರುತ್ತಾರೆ. ತುಳುನಾಡಿನ ನಾಗಬನ, ಆಶ್ಲೇಷಾ ಬಲಿ, ಕುಕ್ಕೆಗೆ ಹೋಗಿ ಬರುವ ಹರಕೆ ಇವೆಲ್ಲ ನಮ್ಮ ಜನರ ಬದುಕಿನಲ್ಲಿ ಬೇರೂರಿದ ನಂಬಿಕೆಗಳು. ನಮ್ಮ ಅಜ್ಜಿ ಪ್ರತಿ ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುತ್ತಿದ್ದರು. ಅವರ ಬಾಯಲ್ಲಿ ಕಾಲಸರ್ಪ ಎಂಬ ಪದವನ್ನು ನಾನು ಕೇಳಿಯೇ ಇಲ್ಲ. ಅವರದು ಭಕ್ತಿ, ತುಸು ಅಂಜಿಕೆ, ಹೊಲದಲ್ಲಿ ಕೆಲಸ ಮಾಡುವವರಿಗೆ ಹಾವಿನ ಬಗ್ಗೆ ಇರಬೇಕಾದ ಗೌರವ. ಅದಕ್ಕೆ ಜಾತಕದ ರಸೀದಿ ಬೇಕಿರಲಿಲ್ಲ.

ನನ್ನ ಜಾತಕ ಬರೆದವರು ನಮ್ಮ ಊರಿನ ಹಿರಿಯ ಜೋಯಿಸರು, ಈಗಿಲ್ಲ. ಅವರು ಬರೆದ ಎಂಟು ಪುಟದಲ್ಲಿ ಗ್ರಹಸ್ಫುಟವಿದೆ, ದಶಾಕಾಲವಿದೆ, ವಿದ್ಯಾಯೋಗದ ಬಗ್ಗೆ ನಾಲ್ಕು ಸಾಲಿವೆ. ಕಾಲಸರ್ಪದ ಹೆಸರಿಲ್ಲ. ಅವರ ಶಿಷ್ಯರೊಬ್ಬರು ಇನ್ನೂ ಜಾತಕ ನೋಡುತ್ತಾರೆ, ಎಪ್ಪತ್ತರ ಮೇಲಾಗಿದೆ. ಅವರ ಜಗಲಿಯಲ್ಲಿ ಕೂತು ಕೇಳಿದೆ.

"ಜೋಯಿಸರೇ, ನಿಮ್ಮ ಗುರುಗಳು ಇದನ್ನು ಯಾಕೆ ಬರೆಯಲಿಲ್ಲ? ಮರೆತರಾ?"

ಅವರು ಕನ್ನಡಕ ಏರಿಸಿ ಸ್ಫುಟದ ಪುಟ ನೋಡಿದರು. "ಏಳೂ ಒಂದೇ ಕಡೆ ಇದಾವೆ, ನಿಜ. ಅವರಿಗೆ ಕಾಣದೆ ಇರಲಿಲ್ಲ. ಆದರೆ ನಮಗೆ ಪಾಠ ಹೇಳುವಾಗ ಈ ಹೆಸರು ಹೇಳಿಕೊಟ್ಟಿರಲಿಲ್ಲ ಮಗಾ. ರಾಹು ಛಾಯಾಗ್ರಹ. ಅವನಿಗೆ ಸ್ವಂತ ಮನೆ ಅಂತ ಇಲ್ಲ. ಕೂತ ರಾಶಿಯ ಅಧಿಪತಿ ಯಾರು, ಅವನು ಗಟ್ಟಿಯಿದ್ದಾನಾ, ಜೊತೆಗೆ ಯಾರಿದ್ದಾರೆ, ಯಾವ ದಶೆ ನಡೀತಿದೆ, ಇದನ್ನೆಲ್ಲ ನೋಡಿ ಫಲ ಹೇಳಬೇಕು. ನಿನ್ನ ಗುರು ಸ್ವಕ್ಷೇತ್ರದಲ್ಲಿ, ಶುಕ್ರ ಉಚ್ಚದಲ್ಲಿ. ಅವರಿಬ್ಬರನ್ನೂ ಪಕ್ಕಕ್ಕಿಟ್ಟು ಹಾವು ಹಾವು ಅಂದರೆ ಅದು ಜಾತಕ ನೋಡಿದ ಹಾಗಾಯ್ತಾ?"

"ಮತ್ತೆ ಜನ ಕೇಳಿಕೊಂಡು ಬಂದರೆ ನೀವು ಏನು ಹೇಳುತ್ತೀರಿ?"

"ಇಲ್ಲ ಅಂತೀನಿ. ಅವರು ಬೇರೆ ಕಡೆ ಹೋಗ್ತಾರೆ."

ಈ ಜೋಯಿಸರು ಒಂಟಿಯಲ್ಲ. ದಿಲ್ಲಿಯ ಭಾರತೀಯ ವಿದ್ಯಾಭವನದಲ್ಲಿ ಜ್ಯೋತಿಷ ಕಲಿಸಿದ ಕೆ.ಎನ್. ರಾವ್ ಅವರು ಈ ಭಯದ ವಿರುದ್ಧವೇ ಒಂದು ಪುಸ್ತಕ ಬರೆದಿದ್ದಾರೆ. "ಕಾಲ ಸರ್ಪ ಯೋಗ, ಯಾಕಿಷ್ಟು ಭಯ?" ಎಂಬುದೇ ಅದರ ಇಂಗ್ಲಿಷ್ ಶೀರ್ಷಿಕೆಯ ಅರ್ಥ. ಅವರು ಜ್ಯೋತಿಷವನ್ನು ಅಲ್ಲಗಳೆದವರಲ್ಲ, ಬದುಕಿಡೀ ಅದನ್ನೇ ಮಾಡಿದವರು. ಹಾಗೆ ಜ್ಯೋತಿಷದ ಒಳಗಿನವರೇ ಎತ್ತಿದ ತಕರಾರು ಗಿರಾಕಿಯ ತನಕ ಬಂದು ಮುಟ್ಟುವುದಿಲ್ಲ, ಭಯ ಮಾತ್ರ ಬಂದು ಮುಟ್ಟುತ್ತದೆ.

ಎದುರು ಪಕ್ಷದ ಗಟ್ಟಿ ವಾದವನ್ನೂ ಹೇಳಬೇಕು. "ಶಾಸ್ತ್ರ ಬೆಳೆಯುತ್ತದೆ. ಹಳೆಯ ಗ್ರಂಥದಲ್ಲಿ ಇಲ್ಲದ್ದನ್ನು ಅನುಭವದಿಂದ ಕಂಡುಕೊಂಡಿದ್ದೇವೆ" ಎನ್ನುತ್ತಾರೆ. ಒಪ್ಪೋಣ. ಅನುಭವ ಎಂದರೆ ಎಣಿಕೆ. ಎಣಿಸುವುದಕ್ಕೆ ಎರಡು ಬೇಕು: ಬದಲಾಗದ ಒಂದು ಲಕ್ಷಣ, ಮತ್ತು ಯೋಗವಿದ್ದೂ ತೊಂದರೆಯಾಗದವರ, ಯೋಗವಿಲ್ಲದೆಯೂ ತೊಂದರೆಪಟ್ಟವರ ಲೆಕ್ಕ. ಜ್ಯೋತಿಷಿಯ ಬಳಿ ಹೋಗುವವರು ಕಷ್ಟದಲ್ಲಿರುವವರು. ಸುಖವಾಗಿರುವ ಕಾಲಸರ್ಪದವರು ಅವರ ಜಗಲಿ ಹತ್ತುವುದೇ ಇಲ್ಲ. ಹತ್ತಿದವರನ್ನು ಮಾತ್ರ ಎಣಿಸಿದರೆ ಆಸ್ಪತ್ರೆಯಲ್ಲಿ ನಿಂತು ಊರಿನವರೆಲ್ಲ ರೋಗಿಗಳು ಎಂದಂತೆ.

ಇನ್ನೊಂದು ದಾರಿಯೂ ಅವರಿಗಿದೆ. ಯೋಗವಿದ್ದವನು ಸೋತರೆ "ದೋಷ", ಗೆದ್ದರೆ "ಕಾಲಸರ್ಪ ಎತ್ತರಕ್ಕೂ ಏರಿಸುತ್ತದೆ". 1947ರ ಆಗಸ್ಟ್ 15ರ ಮಧ್ಯರಾತ್ರಿಯ ದಿಲ್ಲಿಯ ಕುಂಡಲಿಯನ್ನೇ ನೋಡಿ. ವೃಷಭ ಲಗ್ನ, ಲಗ್ನದಲ್ಲೇ ರಾಹು ಸುಮಾರು 6ನೇ ಡಿಗ್ರಿಯಲ್ಲಿ, ವೃಶ್ಚಿಕದ ಅದೇ ಡಿಗ್ರಿಯಲ್ಲಿ ಕೇತು. ಕುಜ ಮಿಥುನದಲ್ಲಿ, ಐದು ಗ್ರಹಗಳು ಕರ್ಕಾಟಕದಲ್ಲಿ, ಗುರು ತುಲೆಯ ಸುಮಾರು 26ರಲ್ಲಿ. ಏಳೂ ಒಳಗಿವೆ, ನೆಹರೂ ಜಾತಕದಂತೆ ಅನುಮಾನವಿಲ್ಲ. ಸ್ವತಂತ್ರ 'ಅನಂತ' ಭಾರತ! ದೇಶದಲ್ಲಿ ಕೆಟ್ಟದ್ದಾದಾಗ ಇದನ್ನು ಕಾರಣವೆಂದು ತೋರಿಸುತ್ತಾರೆ, ಒಳ್ಳೆಯದಾದಾಗಲೂ ಇದನ್ನೇ ತೋರಿಸುತ್ತಾರೆ. ಆದರೆ ಚಂದ್ರ ಆ ಹೋಳಿನಲ್ಲಿದ್ದದ್ದು ಆಗಸ್ಟ್ 10ರ ಸುಮಾರಿನಿಂದ 23, 24ರ ತನಕ. ಪಾಕಿಸ್ತಾನ ಹುಟ್ಟಿದ್ದೂ ಅದರೊಳಗೇ. ಎರಡು ದೇಶಕ್ಕೂ ಒಂದೇ ಸರ್ಪ. ಎಪ್ಪತ್ತೆಂಟು ವರ್ಷಗಳಲ್ಲಿ ಅವುಗಳ ದಾರಿ ಬೇರೆಬೇರೆಯಾದದ್ದಕ್ಕೆ ಕಾರಣವನ್ನು ಸಂವಿಧಾನದಲ್ಲಿ, ಸೈನ್ಯದಲ್ಲಿ, ಚುನಾವಣೆಗಳಲ್ಲಿ ಹುಡುಕಬೇಕೇ ಹೊರತು, ಎರಡಕ್ಕೂ ಸಮಾನವಾಗಿದ್ದ ಒಂದು ಗೆರೆಯಲ್ಲಲ್ಲ. ಏನೇ ಆದರೂ ಸರಿಹೋಗುವ ಭವಿಷ್ಯ ಏನನ್ನೂ ಹೇಳಿದಂತಲ್ಲ.

ಈ ಲೆಕ್ಕವನ್ನೆಲ್ಲ ಒಂದು ಸಂಜೆ ಅಮ್ಮನ ಮುಂದೆ ಇಟ್ಟೆ. ಸ್ಫುಟದ ಪುಟ ತೋರಿಸಿದೆ, ಶುಕ್ರನ ಹದಿಮೂರು ಡಿಗ್ರಿ ತೋರಿಸಿದೆ, 1993 ತೋರಿಸಿದೆ. ಆಕೆ ತಾಳ್ಮೆಯಿಂದ ಕೇಳಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ನಾಲ್ಕನೇ ಮನೆ ನನ್ನದು ಅಂದದ್ದು?"

"ಎರಡು ಗಂಟೆ ಆಚೀಚೆ ಆಗಿದ್ದರೆ ನಿನ್ನ ಹೆಸರೇ ಬರುತ್ತಿರಲಿಲ್ಲ ಅಮ್ಮ."

ಆಕೆ ಬಲಗೈಯ ಒಂಟಿ ಬಳೆಯನ್ನು ತಿರುಗಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆವತ್ತು ಆಸ್ಪತ್ರೆಯ ಗಡಿಯಾರ ಹದಿನೈದು ನಿಮಿಷ ಮುಂದಿತ್ತು ಅಂತ ನರ್ಸ್ ಹೇಳಿದ್ದರು" ಎಂದಳು. ಹದಿನೈದು ನಿಮಿಷಕ್ಕೆ ನನ್ನ ಲಗ್ನ ಬದಲಾಗುವುದಿಲ್ಲ. ಆದರೆ ಆಕೆ ಆ ಹದಿನೈದು ನಿಮಿಷವನ್ನು ಎರಡು ವರ್ಷದಿಂದ ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಬಂದಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ.

ಜಾತಕ ನೋಡಿಸುವವರಿಗೆ ನನ್ನದೊಂದೇ ಕೋರಿಕೆ. ಮುಂದಿನ ಸಲ ಯಾರಾದರೂ ಕಾಲಸರ್ಪ ಎಂದರೆ ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ರಾಹು ಕೇತುಗಳ ಡಿಗ್ರಿ ಎಷ್ಟು, ಅವಕ್ಕೆ ಹತ್ತಿರದ ಗ್ರಹದ ಡಿಗ್ರಿ ಎಷ್ಟು? ಇದನ್ನು ಹೇಳಿದ ಗ್ರಂಥ ಯಾವುದು, ಎಷ್ಟನೇ ಅಧ್ಯಾಯ? ಅದೇ ವಾರ ಹುಟ್ಟಿದ ಉಳಿದ ಮಕ್ಕಳಿಗೆ ಏನಾಯಿತು? ಉತ್ತರ ಬಂದರೆ ಕೂತು ಚರ್ಚೆ ಮಾಡಿ. ಬರದಿದ್ದರೆ ಬಳೆ ಕೈಯಲ್ಲೇ ಇರಲಿ.